ಷರತ್ತುರಾಯರ ಹೊಸ ಹಲ್ಲು

ಬಾಡಿಗೆ ಏರಿದ ಸುದ್ದಿ ನಮಗೆ ತಿಳಿದದ್ದು ಬಾಗಿಲಿಗೆ ಅಂಟಿಸಿದ ಚೀಟಿಯಿಂದ. ಬೆಳಗ್ಗೆ ಹಾಲು ತೆಗೆದುಕೊಳ್ಳಲು ಹೋದ ನಮ್ಮ ಯಜಮಾನರು ಹಾಲನ್ನು ಅಲ್ಲೇ ಬಿಟ್ಟು ಒಳಗೆ ಬಂದರು.

"ನೋಡೇ, ಮೇಲಿನವರು ಏನೋ ಬರೆದಿದ್ದಾರೆ. ನೀನು ಸಿಟ್ಟು ಮಾಡ್ಕೋಬಾರದು" ಅಂದರು.

ಸಿಟ್ಟು ಮಾಡಿಕೊಳ್ಳಬಾರದು ಎಂದು ಯಾರಾದರೂ ಹೇಳಿದರೆ ನನಗೆ ಅಲ್ಲಿಂದಲೇ ಸಿಟ್ಟು ಶುರುವಾಗುತ್ತದೆ. ಹೋಗಿ ನೋಡಿದೆ. 'ಮುಂದಿನ ತಿಂಗಳಿಂದ ಬಾಡಿಗೆ ಈಗಿನದಕ್ಕಿಂತ ಕಾಲು ಭಾಗ ಹೆಚ್ಚು. ಸಹಕರಿಸಿ. ಇಂತಿ ಮಾಲೀಕರು.' ನಾಲ್ಕೂ ಮೂಲೆಗೆ ಗೋಂದು ಹಚ್ಚಿ, ಎಲ್ಲೂ ಗುಳ್ಳೆ ಏಳದ ಹಾಗೆ ಒತ್ತಿ ಅಂಟಿಸಿದ್ದರು. ಉಗುರು ಹಾಕಿ ಕೀಳಲು ನೋಡಿದರೆ ಬಾಗಿಲಿನ ಬಣ್ಣವೇ ಏಳುವ ಹಾಗಿತ್ತು.

ಮೇಲಿನ ಮಹಡಿಯಲ್ಲೇ ಇರುವ ನಮ್ಮ ಮನೆ ಮಾಲೀಕರಿಗೆ ಚೀಟಿ ಅಂಟಿಸುವುದು ಹೊಸದೇನಲ್ಲ. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ನಿವೃತ್ತರಾದವರು. ನಲ್ಲಿಯ ಮೇಲೆ 'ತಿರುಗಿಸಿದವರೇ ನಿಲ್ಲಿಸತಕ್ಕದ್ದು', ಮೆಟ್ಟಿಲ ಪಕ್ಕ 'ಓಡಬಾರದು', ಗೇಟಿನ ಮೇಲೆ 'ಮೆಲ್ಲಗೆ'. ಬೀದಿ ಬೆಕ್ಕೊಂದು ಮಧ್ಯಾಹ್ನ ಬಂದು ಮಲಗುವ ಜಾಗದಲ್ಲೂ 'ಇಲ್ಲಿ ಮಲಗಬಾರದು' ಎಂದು ಬರೆದಿದ್ದರು. ಬೆಕ್ಕು ಅದರ ಮೇಲೆಯೇ ಬೆನ್ನು ಕೊಟ್ಟು ಮಲಗುತ್ತಿತ್ತು. ಬೀದಿಯವರೆಲ್ಲ ಸೇರಿ ಅವರಿಗೆ ಷರತ್ತುರಾಯರು ಎಂದು ಹೆಸರಿಟ್ಟಿದ್ದರು. ನಾವೂ ಮನೆಯೊಳಗೆ ಹಾಗೆಯೇ ಕರೆಯುತ್ತಿದ್ದೆವು.

ಆದರೆ ಬಾಡಿಗೆಯಂಥ ದೊಡ್ಡ ವಿಷಯವನ್ನು ಅವರು ಬೇರೆ ದಿನಗಳಲ್ಲಾಗಿದ್ದರೆ ಖುದ್ದಾಗಿ ಬಂದು, ಕುರ್ಚಿ ಎಳೆದುಕೊಂಡು ಕೂತು, ಗಂಟೆಗಟ್ಟಲೆ ಹೇಳುತ್ತಿದ್ದರು. ಆಗ ಅವರು ಯಾರೊಂದಿಗೂ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಬಾಯಲ್ಲಿ ಒಂದೇ ಒಂದು ಹಲ್ಲು ಇರಲಿಲ್ಲ. ಉಳಿದಿದ್ದ ನಾಲ್ಕನ್ನೂ ಡಾಕ್ಟರು ಕಿತ್ತು, ವಸಡು ಮಾಗಲಿ ಎಂದು ಕಾಯಿಸಿ, ಆಮೇಲೆ ಅಳತೆ ತೆಗೆದಿದ್ದರು. ಆ ಅಳತೆಗೆ ಹಲ್ಲಿನ ಸೆಟ್ ಮಾಡುತ್ತಿದ್ದವಳು ನಾನೇ.

ನನ್ನ ಕೆಲಸ ಅದು. ಬಾಯಿಗೆ ಕೈ ಹಾಕುವುದೆಲ್ಲ ಡಾಕ್ಟರಿಗೆ ಬಿಟ್ಟದ್ದು. ಅವರು ಕಳಿಸುವ ಅಚ್ಚಿನಲ್ಲಿ ಪ್ಲಾಸ್ಟರ್ ಗಾರೆ ಹೊಯ್ದು, ಮೇಣದಲ್ಲಿ ವಸಡು ಕಟ್ಟಿ, ಹಲ್ಲು ಜೋಡಿಸಿ, ಮತ್ತೆ ಅಕ್ರಿಲಿಕ್‌ನಲ್ಲಿ ಬೇಯಿಸಿ ತೆಗೆದು ಉಜ್ಜಿ ಹೊಳಪು ಕೊಡುವುದು ನನ್ನದು. ಮೊದಲು ಒಬ್ಬ ಲ್ಯಾಬ್ ಮಾಲೀಕನ ಕೈಕೆಳಗೆ, ಕಿಟಕಿಯಿಲ್ಲದ ನೆಲಮಾಳಿಗೆಯಲ್ಲಿ ಇದೇ ಕೆಲಸ ಮಾಡುತ್ತಿದ್ದೆ. ನಾನು ಮಾಡಿದ ಹಲ್ಲಿಗೆ ಅವನು ತನ್ನ ಹೆಸರಿನ ಚೀಟಿ ಕಟ್ಟಿ ಕಳಿಸುತ್ತಿದ್ದ, ಒಡೆದರೆ ಮಾತ್ರ ಅದು ನನ್ನ ಹಲ್ಲಾಗುತ್ತಿತ್ತು. ಈ ಮನೆ ಸಿಕ್ಕಿದ ಮೇಲೆ ಅಲ್ಲಿಂದ ಬಿಡುಗಡೆ. ಮುಂದಿನ ಕೋಣೆಗೆ ದೊಡ್ಡ ಕಿಟಕಿ, ಮೂಲೆಯಲ್ಲಿ ಸಿಂಕು, ಬೆಳಕು ದಿನವಿಡೀ ಒಂದೇ ಹದ. ಹಲ್ಲಿನ ಬಣ್ಣ ಹೊಂದಿಸಲು ಅಂಥ ಬೆಳಕು ಬೇಕು. ಮೇಜು, ಮೋಟಾರು ಎಲ್ಲ ಕೂಡಿಸಿಕೊಂಡು ಮೂವರು ಡಾಕ್ಟರುಗಳ ಕೆಲಸ ಹಿಡಿದಿದ್ದೆ. ಬಾಡಿಗೆ ಕೊಟ್ಟು ಉಳಿದದ್ದರಲ್ಲಿ ಮನೆ ನಡೆಯುತ್ತಿತ್ತು. ಕಾಲು ಭಾಗ ಏರಿದರೆ ಉಳಿಯುವುದು ಏನೂ ಇಲ್ಲ. ಸಣ್ಣ ಮನೆ ಹುಡುಕಬೇಕು, ಮೋಟಾರು ಮಾರಬೇಕು, ಮತ್ತೆ ಆ ನೆಲಮಾಳಿಗೆಗೆ ಇಳಿಯಬೇಕು. ಆ ಚೀಟಿಯಲ್ಲಿ ನನಗೆ ಕಂಡದ್ದು ಇಷ್ಟೇ.

ಬೀರುವಿನಿಂದ ಅಗ್ರಿಮೆಂಟ್ ತೆಗೆದೆ. ಮೂರು ವರ್ಷದ್ದು, ನೋಂದಣಿ ಆದದ್ದು. ಅರ್ಧ ಅವಧಿ ಮುಗಿದಿತ್ತು, ಇನ್ನರ್ಧ ಬಾಕಿ. ಸಹಿ ಹಾಕುವ ದಿನವೇ ಅದನ್ನು ಓದಿ ನಾನು ಬೆರಗಾಗಿದ್ದೆ. ಎಂಟು ಬಾಡಿಗೆ ಮನೆ ಕಂಡವಳು ನಾನು, ಅಷ್ಟೊಂದು ಒಳ್ಳೆಯ ಅಗ್ರಿಮೆಂಟ್ ಕಂಡಿರಲಿಲ್ಲ. ಇಷ್ಟು ಒಳ್ಳೆಯದು ಅಂದಮೇಲೆ ಎಲ್ಲೋ ಮೋಸ ಇರಬೇಕೆಂದು ಎರಡು ಸಲ ಓದಿದ್ದೆ. ಮೋಸ ಸಿಕ್ಕಿರಲಿಲ್ಲ. ಈಗ ಮತ್ತೆ ಓದಿದೆ. ವರ್ಷಕ್ಕಿಷ್ಟು ಏರಿಕೆ ಎಂಬ ಮಾತು ಹುಡುಕಿದರೂ ಇರಲಿಲ್ಲ. ಬಾಡಿಗೆ ಮೂರು ವರ್ಷಕ್ಕೂ ಇಷ್ಟೇ, ಬದಲಾಯಿಸಬೇಕಾದರೆ ಇಬ್ಬರೂ ಬರಹದಲ್ಲಿ ಒಪ್ಪಿ ಸಹಿ ಹಾಕಬೇಕು ಎಂದು ಸ್ಪಷ್ಟವಾಗಿತ್ತು.

"ಹಾಗಾದ್ರೆ ಅವರು ಯಾವ ಆಧಾರದ ಮೇಲೆ ಕೇಳ್ತಿದ್ದಾರೆ?" ಅಂದರು ಯಜಮಾನರು.

"ಎದುರು ಮನೆಯ ಆಧಾರದ ಮೇಲೆ" ಅಂದೆ.

ಎದುರು ಮನೆಗೆ ಹಿಂದಿನ ವಾರವಷ್ಟೇ ಹೊಸ ಬಾಡಿಗೆದಾರರು ಬಂದಿದ್ದರು. ಅವರು ಕೊಡುವ ಬಾಡಿಗೆ ಎಷ್ಟೆಂದು ಷರತ್ತುರಾಯರಿಗೆ ಗೊತ್ತಾದ ದಿನದಿಂದ ಇವರು ಬಾಲ್ಕನಿಯಲ್ಲಿ ನಿಂತು ಆ ಮನೆಯನ್ನೇ ನೋಡುತ್ತಿದ್ದರು. ಹಲ್ಲಿಲ್ಲದ ಬಾಯನ್ನು ಬಿಗಿದುಕೊಂಡು ನೋಡುತ್ತಿದ್ದರು, ಪಾಪ.

ಅವತ್ತೇ ಕೂತು ಒಂದು ಪತ್ರ ಬರೆದೆ. ಜಗಳದ ಮಾತು ಒಂದೂ ಹಾಕಲಿಲ್ಲ, ಹಾಕಿದ್ದನ್ನು ಯಜಮಾನರು ಹೊಡೆದುಹಾಕಿದರು. ಅಗ್ರಿಮೆಂಟಿನಲ್ಲಿ ಅವಧಿಯ ಮಧ್ಯೆ ಏರಿಕೆಗೆ ಅವಕಾಶವಿಲ್ಲ, ಈ ಏರಿಕೆಗೆ ನಮ್ಮ ಒಪ್ಪಿಗೆ ಇಲ್ಲ, ಒಪ್ಪಿಕೊಂಡ ಬಾಡಿಗೆಯನ್ನು ಎಂದಿನಂತೆ ಬ್ಯಾಂಕಿನ ಮೂಲಕ ಕಟ್ಟುತ್ತೇವೆ, ಇಷ್ಟೇ. ಎರಡು ಪ್ರತಿ ಮಾಡಿ ಮೇಲೆ ಹೋದೆ. ಷರತ್ತುರಾಯರು ಕರವಸ್ತ್ರ ಬಾಯಿಗೆ ಅಡ್ಡ ಹಿಡಿದು ಓದಿದರು. ನನ್ನ ಪ್ರತಿಯ ಮೇಲೆ 'ತಲುಪಿದೆ' ಎಂದು ಬರೆದು, ತಾರೀಖು ಹಾಕಿ, ಸಹಿ ಮಾಡಿ ಕೊಟ್ಟರು. ಅಂಚೆಯವರಿಗೆ ಆ ಅಭ್ಯಾಸ ಹೋಗುವುದಿಲ್ಲ.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ನಮ್ಮ ಯಜಮಾನರನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಅವರು ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಾರೆ. ವರ್ಷಗಟ್ಟಲೆ ಬೇರೆಯವರಿಗೆ ಸದ್ದು ಮಾಡಬೇಡಿ ಎಂದು ಹೇಳಿ ಹೇಳಿ ಅವರ ದನಿಯೇ ಇಂಗಿಹೋಗಿದೆ. ಯಾರು ಏನು ಕೇಳಿದರೂ ಹೂಂ ಅನ್ನುತ್ತಾರೆ. ಒಮ್ಮೆ ತಪ್ಪು ನಂಬರಿಗೆ ಬಂದ ಕರೆಗೂ ಹೂಂ ಅಂದು, ಯಾರದೋ ಮನೆ ಸಾಮಾನು ಸಾಗಿಸಲು ಒಪ್ಪಿಕೊಂಡಿದ್ದರು. ಇಂಥವರನ್ನು ಷರತ್ತುರಾಯರು ಮೆಟ್ಟಿಲ ಬಳಿ ಹಿಡಿದರು. ಮಾತಿಲ್ಲ, ಬರೀ ಕೈಸನ್ನೆ. ಮೊದಲು ಆಕಾಶ ತೋರಿಸಿದರು, ಆಮೇಲೆ ಎದುರು ಮನೆ ತೋರಿಸಿದರು, ಕೊನೆಗೆ ತಮ್ಮ ಎದೆ ಮುಟ್ಟಿಕೊಂಡರು. ನಮ್ಮವರಿಗೆ ಕಣ್ಣು ತುಂಬಿ ಬಂತು.

"ವಯಸ್ಸಾದವರು ಕಣೇ. ಈ ಒಂದು ತಿಂಗಳು ಹೆಚ್ಚು ಕೊಟ್ಟುಬಿಡೋಣ, ಮುಂದಿನ ತಿಂಗಳು ಮಾತಾಡೋಣ" ಅಂದರು, ಆಗಲೇ ಫೋನ್ ಕೈಯಲ್ಲಿ ಹಿಡಿದು.

ಫೋನು ಕಸಿದುಕೊಂಡೆ. "ಒಂದು ತಿಂಗಳು ತುಟಿ ಬಿಚ್ಚದೆ ಕೊಟ್ಟರೆ, ನೀವು ಒಪ್ಪಿಕೊಂಡಿದ್ದೀರಿ ಅಂತಾರೆ. ಆಮೇಲೆ ಆ ಪತ್ರಕ್ಕೆ ಬೆಲೆ ಇರುತ್ತಾ? ಪೂರ್ತಿ ಕೊಡಬೇಕಾದ್ದು ಎಷ್ಟೋ ಅಷ್ಟೇ ಕೊಡಿ, ತಾರೀಖಿಗೆ ಸರಿಯಾಗಿ ಕೊಡಿ. ಒಂದು ಪೈಸೆ ಕಮ್ಮಿಯೂ ಬೇಡ, ತಡವೂ ಬೇಡ. ತಪ್ಪು ನಮ್ಮ ಕಡೆ ಇರಬಾರದು."

"ಮುಖ ನೋಡಿದ್ರೆ ಪಾಪ ಅನ್ಸುತ್ತೆ."

"ಮುಖ ಹಾಗಿರೋದು ಹಲ್ಲಿಲ್ಲದ್ದಕ್ಕೆ ರೀ. ಹಲ್ಲು ಬಂದಮೇಲೆ ನೋಡಿ."

ತಾರೀಖಿಗೆ ಸರಿಯಾಗಿ ಬಾಡಿಗೆ ಕಳಿಸಿದೆವು. ಮಧ್ಯಾಹ್ನದೊಳಗೆ ಅದು ಅಷ್ಟೂ ವಾಪಸು ಬಂದು ನಮ್ಮ ಖಾತೆಗೇ ಬಿತ್ತು. ಷರತ್ತುರಾಯರಿಗೆ ಯಾರೋ ತಲೆ ತುಂಬಿದ್ದರು. ಹಳೆ ಬಾಡಿಗೆ ತಗೋಬೇಡಿ, ಆಮೇಲೆ ಬಾಡಿಗೆ ಕಟ್ಟಿಲ್ಲ ಅಂತ ಬಿಡಿಸಬಹುದು, ಎಂದು. ನಾನು ಮತ್ತೆ ಕಳಿಸಿದೆ, ಇದು ಇಂಥ ತಿಂಗಳ ಬಾಡಿಗೆ ಎಂದು ಬರೆದು. ಅವರು ಮತ್ತೆ ಹಿಂತಿರುಗಿಸಿದರು. ಒಂದೇ ಮನೆಯ ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಒಂದೇ ಹಣ ಚೆಂಡಿನ ಹಾಗೆ ಓಡಾಡಿತು. ಪ್ರತಿ ಸಲವೂ ರಸೀದಿಯನ್ನು ತೆಗೆದಿಟ್ಟೆ. ಆ ಹಣವನ್ನು ಯಾವುದಕ್ಕೂ ಮುಟ್ಟಬಾರದೆಂದು ಯಜಮಾನರಿಗೆ ತಾಕೀತು ಮಾಡಿದೆ. ಕೇಳಿದ ದಿನ ಎತ್ತಿ ಕೊಡುವ ಹಾಗಿರಬೇಕಲ್ಲ.

ಈ ನಡುವೆ ಅವರ ಹಲ್ಲೂ ಆಗಬೇಕಿತ್ತು. ಡಾಕ್ಟರು ಮೇಣದ ಹಲ್ಲನ್ನು ಅವರ ಬಾಯಲ್ಲಿಟ್ಟು ನೋಡಿ, ಸರಿಯಿದೆ, ಬೇಯಿಸಿ ಎಂದು ಕಳಿಸಿದ್ದರು. ಈ ಹಲ್ಲಿನ ಮಜೂರಿಯನ್ನು ಷರತ್ತುರಾಯರು ಡಾಕ್ಟರ ಕೈಗೆ ಕೊಡದೆ ನೇರ ನನಗೇ ಕೊಡುವುದೆಂದು ಮಾತಾಗಿತ್ತು. ನಡುವೆ ಇನ್ನೊಬ್ಬರ ಕೈ ಯಾಕೆ ಎನ್ನುವುದು ಅವರ ಲೆಕ್ಕ. ದರವನ್ನೂ ಮೊದಲೇ ಕಡ್ಡಿ ಮುರಿದ ಹಾಗೆ ಗೊತ್ತು ಮಾಡಿದ್ದರು. ಆಮೇಲೆ ಅಕ್ರಿಲಿಕ್ ಪುಡಿಯ ಅಂಗಡಿಯವನು ಬೆಲೆ ಏರಿಸಿದ. ಅವನಿಗೆ ಬಾಯಿಗೆ ಬಂದದ್ದು ಅಂದು, ಪುಡಿ ತಂದೆ. ಆದರೆ ಮೇಲಿನವರಿಗೆ ಹೇಳಿದ ದರ ಹೇಳಿದ್ದೇ.

"ಆ ಹಲ್ಲು ಸ್ವಲ್ಪ ದಿನ ಇಲ್ಲೇ ಇರಲಿ ಬಿಡೆ" ಅಂದರು ಯಜಮಾನರು, ಮೇಜಿನ ಹತ್ತಿರ ಬಂದು ಪಿಸುಗುಟ್ಟುತ್ತ. "ಹಲ್ಲಿಲ್ಲದಿದ್ರೆ ವಕೀಲರ ಹತ್ತಿರ ಹೋಗಿ ಏನು ಹೇಳ್ತಾರೆ?"

ಹೂಂ ಅನ್ನುವ ಮನುಷ್ಯನ ಬಾಯಲ್ಲಿ ಇಂಥ ಕಿಲಾಡಿ ಮಾತು ಕೇಳಿ ನನಗೆ ಒಳಗೊಳಗೇ ಹೆಮ್ಮೆಯಾಯಿತು. ಆದರೂ ಆಗಲ್ಲ ಅಂದೆ. "ಬಾಡಿಗೆ ಬಾಡಿಗೆಗೆ, ಹಲ್ಲು ಹಲ್ಲಿಗೆ. ಅವರು ಮಾತಿಗೆ ತಪ್ಪಿದ್ರು ಅಂತ ನಾನೂ ತಪ್ಪಿದ್ರೆ ನನಗೂ ಅವರಿಗೂ ಏನು ವ್ಯತ್ಯಾಸ?"

ಹೇಳುವಾಗ ಚೆನ್ನಾಗಿಯೇ ಇತ್ತು. ಆದರೆ ಆ ಹಲ್ಲನ್ನು ಉಜ್ಜುವಾಗ ಒಂದೊಂದು ಹಲ್ಲಿಗೂ ಒಂದೊಂದು ಬೈಗುಳ ಬಿದ್ದಿದೆ, ಅದನ್ನು ಮುಚ್ಚಿಡುವುದಿಲ್ಲ.

ಹಲ್ಲು ಬಾಯಿಗೆ ಹಾಕುವ ಹಿಂದಿನ ದಿನ ಮಾಲೀಕರ ಹೆಂಡತಿ ಕೆಳಗೆ ಬಂದರು. ನಾವು ಅವರನ್ನು ಅಮ್ಮ ಅನ್ನುತ್ತಿದ್ದೆವು. ಗಂಡ ನಿದ್ದೆ ಮಾಡುವಾಗಷ್ಟೇ ಬರುತ್ತಿದ್ದರು, ಬಂದರೆ ನನ್ನ ಮೇಜಿನ ಪಕ್ಕ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು.

"ನೋಡಮ್ಮ, ನಾಳೆ ಹಲ್ಲು ಹಾಕಿಸ್ಕೊಂಡು ಸೀದಾ ವಕೀಲರ ಹತ್ತಿರ ಹೋಗ್ತಾರಂತೆ, ನೋಟಿಸ್ ಕೊಡ್ಸೋಕೆ. ಅವರ ಬದಲು ನಾನೇ ಫೋನ್ ಮಾಡಿದ್ದೆ, ವಕೀಲರು ಮೊದಲು ನಿಮ್ಮನ್ನೂ ಕೂರಿಸಿ ಮಾತಾಡ್ತೀನಿ ಅಂದಿದ್ದಾರೆ. ನಿನಗೆ ಫೋನ್ ಬರುತ್ತೆ. ಅಗ್ರಿಮೆಂಟ್ ಮಾತ್ರ ಮರೀದೆ ತಗೊಂಡು ಬಾ."

"ಬರ್ತೀನಮ್ಮ. ಅಗ್ರಿಮೆಂಟ್ ನಮ್ಮ ಕಡೆ ಇದೆ."

ಅಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. "ನಿಮ್ಮ ಕಡೆ ಇರದೆ ಇನ್ನೇನು? ಅದನ್ನ ಅವರು ಬರೆದಿದ್ದೇ ಬಾಡಿಗೆಯವರಿಗೋಸ್ಕರ."

ಆಮೇಲೆ ಕಥೆ ಹೇಳಿದರು. ಈ ಮನೆ ಕಟ್ಟುವ ಮುಂಚೆ ಅವರಿಬ್ಬರೂ ಅರ್ಧ ಆಯುಸ್ಸು ಒಬ್ಬ ಮಾಲೀಕಿಯ ಮನೆಯಲ್ಲಿ ಬಾಡಿಗೆಗಿದ್ದರು. ಆಕೆಗೆ ಬಾಡಿಗೆ ಏರಿಸಲು ನೆಪ ಸಾಲದೇ ಹೋದದ್ದೇ ಇಲ್ಲ. ಮಗಳ ಮದುವೆಗೆ ಏರಿಸಿದಳು, ಗೇಟಿಗೆ ಬಣ್ಣ ಬಳಿದದ್ದಕ್ಕೆ ಏರಿಸಿದಳು. ಅಮ್ಮ ಮನೆಯಲ್ಲಿ ಕೂತು ಹೊಲಿಗೆ ಹಾಕುತ್ತಿದ್ದರೆ ಮೆಷಿನ್ ಸದ್ದಾಗುತ್ತದೆಂದು ಅದಕ್ಕೂ ಏರಿಸಿದಳು. ಪ್ರತಿ ಸಲ ಪೆಟ್ಟು ತಿಂದಾಗಲೂ ಷರತ್ತುರಾಯರು ಮುಂದಿನ ಅಗ್ರಿಮೆಂಟಿಗೆ ಒಂದು ಷರತ್ತು ಸೇರಿಸುತ್ತ ಹೋದರು. ಕಚೇರಿಯಿಂದ ಬಂದು ರಾತ್ರಿ ಊಟ ಬಿಟ್ಟು ತಿದ್ದುತ್ತಿದ್ದರಂತೆ. ಕೊನೆಗೆ ಆ ಪತ್ರ ಎಷ್ಟು ಗಟ್ಟಿಯಾಯಿತೆಂದರೆ ಓದದೆ ಸಹಿ ಹಾಕಿದ್ದ ಮಾಲೀಕಿ ಅದನ್ನು ತನ್ನ ಇಬ್ಬರು ವಕೀಲರಿಗೆ ತೋರಿಸಿ, ಇಬ್ಬರಿಂದಲೂ ಬೈಸಿಕೊಂಡು ಬಂದಳು.

"ಈ ಮನೆ ಬಾಡಿಗೆಗೆ ಕೊಡುವಾಗ ನಾನು ಹೇಳ್ದೆ, ರೀ, ಹೊಸದಾಗಿ ಬರೆಸಿ ಅಂತ. ಬರೆಸೋ ಖರ್ಚು ಯಾಕೆ, ನಮ್ಮದೇ ಇದೆಯಲ್ಲ, ಅದಕ್ಕಿಂತ ಒಳ್ಳೇದು ಎಲ್ಲಿ ಸಿಗುತ್ತೆ ಅಂದ್ರು. ಹೆಸರು ಬದಲಾಯಿಸಿ ಟೈಪ್ ಮಾಡ್ಸಿದ್ರು. ಈಗ ನಾವು ಆ ಕಡೆಯವರು ಅನ್ನೋದೇ ಅವರ ತಲೆಗೆ ಹೋಗಿಲ್ಲ."

"ಇಷ್ಟು ದಿನ ನೀವ್ಯಾಕೆ ಅವರಿಗೆ ಹೇಳಿಲ್ಲ ಅಮ್ಮ?"

"ಹೇಳಿದ್ರೆ ಹಟ ಜಾಸ್ತಿ ಆಗುತ್ತೆ. ಅವರಿಗೆ ಅವರೇ ಹೇಳ್ಕೋಬೇಕು" ಅಂದು ಅಮ್ಮ ಎದ್ದರು. ಹೋಗುವಾಗ ಮೇಜಿನ ಮೇಲಿದ್ದ ಹಲ್ಲನ್ನು ನೋಡಿ, "ಇದು ಸ್ವಲ್ಪ ಜಾಸ್ತಿ ನಗೋ ಹಾಗಿದೆಯಲ್ಲ" ಅಂದರು.

ವಕೀಲರು ನಡುವಯಸ್ಸಿನ ಹೆಂಗಸು. ಬೇಕರಿಯ ಮೇಲಿನ ಮಹಡಿಯಲ್ಲಿ ಆಫೀಸು, ಮೆಟ್ಟಿಲು ಹತ್ತುವಾಗಲೇ ಹಸಿವಾಗುತ್ತಿತ್ತು. ಫೈಲುಗಳು ಫ್ಯಾನಿನ ಗಾಳಿಗೆ ಹಾರದ ಹಾಗೆ ಒಂದೊಂದರ ಮೇಲೂ ಒಂದೊಂದು ಸಾಮಾನು ಇತ್ತು, ಒಂದರ ಮೇಲಂತೂ ಇಸ್ತ್ರಿ ಪೆಟ್ಟಿಗೆ. ನಾವು ಹೋಗುವಷ್ಟರಲ್ಲಿ ಷರತ್ತುರಾಯರೂ ಅಮ್ಮನೂ ಬಂದು ಕೂತಿದ್ದರು.

ಹೊಸ ಹಲ್ಲು ಹಾಕಿಕೊಂಡ ಷರತ್ತುರಾಯರು ಹತ್ತು ವರ್ಷ ಚಿಕ್ಕವರಾಗಿ ಕಾಣುತ್ತಿದ್ದರು. ನನ್ನ ಕೆಲಸ ನೋಡಿ ನನಗೇ ಖುಷಿಯಾಯಿತು, ಆ ಖುಷಿಗೆ ಸಿಟ್ಟೂ ಬಂತು. ಅಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದ ಮಾತೆಲ್ಲ ಒಟ್ಟಿಗೆ ಹೊರಬರಲು ಕಾದಿತ್ತು. ಕೆಲವು ಅಕ್ಷರಕ್ಕೆ ಸಣ್ಣ ಸೀಟಿ ಬೀಳುತ್ತಿತ್ತು, ಅದು ಬಾಯಿಗೆ ಅಭ್ಯಾಸವಾಗುವವರೆಗೆ ಇದ್ದೇ ಇರುತ್ತದೆ.

"ನಾನು ಇವರ ಕಡೆ ವಕೀಲೆ" ಅಂದರು ವಕೀಲರು ನಮಗೆ. "ಅದನ್ನ ಮೊದಲೇ ಹೇಳಿಬಿಡ್ತೀನಿ. ನೀವು ಬೇಕಾದ್ರೆ ನಿಮ್ಮ ವಕೀಲರನ್ನ ಕರ್ಕೊಂಡು ಬರಬಹುದು. ಕೋರ್ಟು ಕಚೇರಿ ಅಂತ ಅಲೆಯೋ ಮುಂಚೆ ಒಂದ್ಸಲ ಕೂತು ಮಾತಾಡೋಣ ಅಂತ ಕರೆಸಿದೆ. ಎಲ್ಲಿ, ಅಗ್ರಿಮೆಂಟ್ ಕೊಡಿ. ಇವರು ತಂದಿಲ್ಲ."

"ತರೋದು ಯಾಕೆ? ನನಗೆ ಬಾಯಿಪಾಠ" ಅಂದರು ಷರತ್ತುರಾಯರು.

ವಕೀಲರು ಓದತೊಡಗಿದರು. ಮೊದಲ ಪುಟದಲ್ಲಿ ಕನ್ನಡಕ ಸರಿಮಾಡಿಕೊಂಡರು. ಎರಡನೇ ಪುಟದಲ್ಲಿ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಮೂರನೇ ಪುಟಕ್ಕೆ ಬಂದು ಪೆನ್ನನ್ನು ಕೆಳಗಿಟ್ಟರು.

"ಇದನ್ನ ಬರೆದವರು ಯಾರು?"

"ಯಾಕೆ?" ಅಂದರು ಷರತ್ತುರಾಯರು.

"ಬಾಡಿಗೆಯವರ ಪರ ಯಾರೋ ಪಳಗಿದವರು ಬರೆದಿದ್ದಾರೆ. ಅದೂ ಮಾಲೀಕರ ಮೇಲೆ ಹಳೇ ದ್ವೇಷ ಇಟ್ಟುಕೊಂಡೋರು."

"ನಾನೇ ಬರೆದಿದ್ದು" ಅಂದರು ಷರತ್ತುರಾಯರು. ಮೂವತ್ತೆರಡು ಹಲ್ಲಲ್ಲ, ನಾನು ಜೋಡಿಸಿದ ಇಪ್ಪತ್ತೆಂಟೂ ಕಂಡವು.

ವಕೀಲರು ಮೊದಲ ಪುಟಕ್ಕೆ ತಿರುವಿ ಮಾಲೀಕರ ಹೆಸರನ್ನು ಮತ್ತೊಮ್ಮೆ ನೋಡಿದರು. ಆಮೇಲೆ ನಿಧಾನವಾಗಿ ಹೇಳಿದರು. "ಹಾಗಾದ್ರೆ ನಿಮಗೇ ಗೊತ್ತಿರಬೇಕು. ಬಾಡಿಗೆ ಮೂರು ವರ್ಷಕ್ಕೆ ನಿಗದಿ. ಮಧ್ಯೆ ಏರಿಸೋಕೆ ಇದ್ರಲ್ಲಿ ಒಂದು ಸಾಲೂ ಇಲ್ಲ. ಅವಧಿ ಮುಗಿಯೋವರೆಗೂ ಇವರು ಒಪ್ಪದೆ ನೀವು ಏರಿಸೋ ಹಾಗಿಲ್ಲ. ನಾನು ನೋಟಿಸ್ ಕೊಡಬಹುದು, ಆದ್ರೆ ಅದನ್ನ ಇವರ ವಕೀಲರು ಓದಿ ನಗ್ತಾರೆ."

ನಾನು ಯಜಮಾನರ ಮುಖ ನೋಡಿದೆ. ಅವರು ಪಾಪ ಅನ್ನುವ ಮುಖ ಮಾಡುತ್ತಿದ್ದರು, ಕಾಲು ತುಳಿದೆ.

ಷರತ್ತುರಾಯರು ಒಪ್ಪುವವರಲ್ಲ. "ನೀವು ವಕೀಲರು, ಏನಾದ್ರೂ ದಾರಿ ಹುಡುಕಿ. ಎದುರು ಮನೆಯವರು ಎಷ್ಟು ತಗೋತಿದ್ದಾರೆ ಗೊತ್ತಾ?"

ವಕೀಲರೂ ಕೆಲಸ ಬಿಡುವವರಲ್ಲ, ಪುಟ ತಿರುವಿ ಹುಡುಕಿದರು. "ಸರಿ, ನೋಡೋಣ. ಇಲ್ಲಿ ಯಾವ ಯಾವ ಕಾರಣಕ್ಕೆ ಏರಿಸಬಾರದು ಅಂತ ಪಟ್ಟಿ ಇದೆ. ತೆರಿಗೆ, ದುರಸ್ತಿ, ಮಾಲೀಕರ ಮನೆಯ ಮದುವೆ. ಮದುವೆ ಯಾಕೆ ಬಂತು ಅಂತ ಕೇಳಲ್ಲ. ಅಕ್ಕಪಕ್ಕದ ಬಾಡಿಗೆ ಏರಿದ್ರೆ ಅಂತ ಪಟ್ಟಿಯಲ್ಲಿ ಇಲ್ಲ. ಅಲ್ಲೊಂದು ಸಂದು ಇದೆಯೇನೋ ನೋಡಬಹುದು."

ಷರತ್ತುರಾಯರ ಮುಖ ಬಿಗಿಯಿತು. ಗೆಲ್ಲುವ ದಾರಿ ಸಿಕ್ಕಿತೆಂಬ ಸಂತೋಷ ಅಲ್ಲಿರಲಿಲ್ಲ, ಯಾರೋ ಅವರ ಅಡುಗೆಯಲ್ಲಿ ಕಲ್ಲು ಸಿಕ್ಕಿತೆಂದ ಹಾಗೆ ಅವಮಾನ ಇತ್ತು.

"ಸಂದು ಎಲ್ಲಿದೆ ಮೇಡಂ? ಕೆಳಗಿನ ಸಾಲು ಓದಿ. 'ಮೇಲಿನವು ಮಾತ್ರವಲ್ಲದೆ ಬೇರೆ ಯಾವ ಕಾರಣಕ್ಕೂ.' ಆ ಸಂದು ನಾನು ಆಗಲೇ ಮುಚ್ಚಿದ್ದೀನಿ."

"ಓ, ಹೌದು" ಅಂದರು ವಕೀಲರು. "ಸರಿ. ಇವರು ಬಂದಮೇಲೆ ಏನಾದ್ರೂ ಹೊಸ ಸೌಲಭ್ಯ ಮಾಡಿಸಿದ್ದೀರಾ?"

"ನೀರಿಗೆ ಹೊಸ ಪಂಪು ಹಾಕ್ಸಿದ್ದೀನಿ."

"ಹಾಂ. ಅದಕ್ಕೆ ಬೇರೆ ಶುಲ್ಕ ಅಂತ ಕೇಳಬಹುದು. ಬಾಡಿಗೆ ಅನ್ನೋದೇ ಬೇಡ."

"ಹೇಗೆ ಕೇಳ್ತೀರಿ?" ಷರತ್ತುರಾಯರು ಮೇಜಿನ ಮೇಲೆ ಬೆರಳು ಕುಟ್ಟಿದರು. "ಹತ್ತನೇ ಷರತ್ತು. ಬಾಡಿಗೆಯವರು ಬರಹದಲ್ಲಿ ಕೇಳದೇ ಇದ್ದ ಸೌಲಭ್ಯಕ್ಕೆ ಹಣ ವಸೂಲಿ ಮಾಡುವಂತಿಲ್ಲ. ನಮ್ಮ ಮಾಲೀಕಿ ಗೇಟಿಗೆ ಬಣ್ಣ ಬಳಿದು ನಮ್ಮ ಹತ್ತಿರ ದುಡ್ಡು ಕೇಳಿದ್ಳು. ಆವತ್ತೇ ಕೂತು ಬರೆದೆ."

"ಮನೇಲಿ ಇವರು ಹಲ್ಲು ಮಾಡ್ತಾರಂತೆ" ಅಂದರು ವಕೀಲರು. "ವಾಸಕ್ಕೆ ಕೊಟ್ಟ ಮನೇಲಿ ವ್ಯಾಪಾರ..."

ಕಿಟಕಿ, ಸಿಂಕು, ಮೋಟಾರು ಎಲ್ಲ ಕಣ್ಣ ಮುಂದೆ ಬಂದವು. ನಾನು ಬಾಯಿ ತೆರೆಯುವ ಮುಂಚೆ ಷರತ್ತುರಾಯರೇ ಕುರ್ಚಿಯಿಂದ ಅರ್ಧ ಎದ್ದಿದ್ದರು.

"ಅದು ಮುಟ್ಟಬೇಡಿ. 'ಮನೆಯೊಳಗೆ ಕುಳಿತು ಮಾಡುವ ಕೈಕೆಲಸಕ್ಕೆ ಮಾಲೀಕರ ತಕರಾರು ಇರಕೂಡದು.' ಇವಳ ಹೊಲಿಗೆ ಮೆಷಿನ್ನಿಗೋಸ್ಕರ ಬರೆದಿದ್ದು ಅದು. ಒಂದು ವಾರ ಯೋಚನೆ ಮಾಡಿ ಬರೆದಿದ್ದು."

ಅಮ್ಮ ತಲೆ ತಗ್ಗಿಸಿ ತಮ್ಮ ಬೆರಳುಗಳನ್ನು ನೋಡಿಕೊಂಡರು.

ವಕೀಲರು ಕನ್ನಡಕ ತೆಗೆದು ಒರೆಸಿದರು. "ಸಾರ್, ನಾನು ನಿಮ್ಮ ಪರ ಮಾತಾಡ್ತಿದ್ದೀನಿ."

"ಮಾತಾಡಿ. ಆದ್ರೆ ಪತ್ರದಲ್ಲಿ ತೂತಿದೆ ಅನ್ನಬೇಡಿ. ಇದನ್ನ ಇಬ್ಬರು ವಕೀಲರು ನೋಡಿ ಕೈ ಚೆಲ್ಲಿದ್ದಾರೆ."

"ಮೂವರು" ಅಂದರು ವಕೀಲರು. "ಕೊನೇದಾಗಿ ಒಂದು ಕೇಳ್ತೀನಿ. ಇವರ ಬಾಡಿಗೆ ಬಾಕಿ ಏನಾದ್ರೂ ಇದೆಯಾ? ಬಾಕಿ ಇದ್ರೆ ಬೇರೆ ಮಾತು."

"ಬಂದಿಲ್ಲ" ಅಂದರು ಷರತ್ತುರಾಯರು.

"ಬಂದಿಲ್ವಾ?" ನನಗೆ ತಡೆಯಲಾಗಲಿಲ್ಲ. ರಸೀದಿಗಳನ್ನು ತೆಗೆದು ಮೇಜಿನ ಮೇಲೆ ಹರಡಿದೆ. "ಕಳಿಸಿದ್ದೀವಿ ಮೇಡಂ, ತಾರೀಖಿಗೆ ಸರಿಯಾಗಿ. ಇವರು ವಾಪಸ್ ಕಳಿಸಿದ್ದಾರೆ. ಮತ್ತೆ ಕಳಿಸಿದ್ವಿ, ಮತ್ತೆ ವಾಪಸ್ ಬಂತು. ದುಡ್ಡು ಹಾಗೇ ಇಟ್ಟಿದ್ದೀವಿ, ಈಗ ಕೇಳಿದ್ರೆ ಈಗ ಕೊಡ್ತೀವಿ."

ವಕೀಲರು ರಸೀದಿ ನೋಡಿದರು. "ಸಾರ್, ಕೊಟ್ಟಿದ್ದನ್ನ ನೀವೇ ಬೇಡ ಅಂದ್ರೆ ಅದು ಬಾಕಿ ಆಗೋದು ಕಷ್ಟ. ಆದ್ರೂ ಪತ್ರದಲ್ಲಿ ಇದರ ಬಗ್ಗೆ ಏನೂ ಹೇಳಿಲ್ಲದಿದ್ರೆ ಸ್ವಲ್ಪ ವಾದ ಮಾಡ..."

"ಹೇಳಿಲ್ಲದೆ ಏನು?" ಷರತ್ತುರಾಯರಿಗೆ ಈಗ ತಡೆಯೇ ಇರಲಿಲ್ಲ. ಅಗ್ರಿಮೆಂಟನ್ನು ವಕೀಲರ ಕೈಯಿಂದ ತೆಗೆದುಕೊಂಡು, ಕೊನೆಯ ಪುಟ ತಿರುವಿ, ನಾನು ಮಾಡಿಕೊಟ್ಟ ಹಲ್ಲಿನಿಂದ ಒಂದಕ್ಷರವೂ ಜಾರದ ಹಾಗೆ, ಇಡೀ ಆಫೀಸಿಗೆ ಕೇಳುವಂತೆ ಓದಿದರು. "'ಬಾಡಿಗೆದಾರರು ಸಕಾಲಕ್ಕೆ ನೀಡಿದ ಬಾಡಿಗೆಯನ್ನು ಮಾಲೀಕರು ನಿರಾಕರಿಸಿದಲ್ಲಿ ಅಥವಾ ಹಿಂತಿರುಗಿಸಿದಲ್ಲಿ, ಅದು ಬಾಕಿಯೆಂದು ಪರಿಗಣಿತವಾಗತಕ್ಕದ್ದಲ್ಲ.' ಇದು ಯಾಕೆ ಬರೆದೆ ಗೊತ್ತಾ ಮೇಡಂ? ಆ ಮಾಲೀಕಿ ನಮ್ಮನ್ನ ಬಿಡಿಸಬೇಕು ಅಂತ ನಾನು ಕಳಿಸಿದ ಮನಿ ಆರ್ಡರ್ ವಾಪಸ್ ಕಳಿಸ್ತಿದ್ಳು. ನಾನು ಕೆಲಸ ಮಾಡೋ ಕೌಂಟರಿಗೇ ವಾಪಸ್ ಬರ್ತಿತ್ತು. ನನ್ನ ದುಡ್ಡು, ನನ್ನ ಕೈಗೇ. ಜೊತೆಗಿರೋರೆಲ್ಲ ನೋಡ್ತಿದ್ರು. ಎಂಥ ಜನ ಅಂತೀನಿ. ಕೊಡಬೇಕಾದ ದುಡ್ಡು ಕೊಟ್ಟರೂ ಕಳ್ಳನ ಹಾಗೆ ನಿಲ್ಸೋದು. ಮನುಷ್ಯರಾದವರು..."

ಅಲ್ಲಿಗೆ ಮಾತು ನಿಂತಿತು. ಕೆಳಗೆ ಬೇಕರಿಯಲ್ಲಿ ಯಾರೋ ತಟ್ಟೆ ಇಳಿಸಿದ ಸದ್ದು ಬಂತು. ಷರತ್ತುರಾಯರು ಮೇಜಿನ ಮೇಲೆ ಹರಡಿದ್ದ ನನ್ನ ರಸೀದಿಗಳನ್ನು ನೋಡುತ್ತಿದ್ದರು.

"ಮುಗಿಸಿ" ಅಂದರು ಅಮ್ಮ ಮೆಲ್ಲಗೆ. "ಮನುಷ್ಯರಾದವರು ಏನು ಮಾಡಲ್ಲ?"

ಷರತ್ತುರಾಯರು ಪತ್ರವನ್ನು ಮಡಚಿ, ಅದರ ಮೇಲೆ ಕೈಯಿಟ್ಟುಕೊಂಡು ಕೂತರು. ಗೆದ್ದೆನೆಂದು ನನಗೆ ಗೊತ್ತಾಯಿತು. ಆದರೂ ಆ ಮುಖ ನೋಡಿ ನನಗೂ ಪಾಪ ಅನ್ನಿಸಿತು, ನಮ್ಮ ಯಜಮಾನರಿಂದ ಅಂಟಿದ ರೋಗ. ಈ ಸಲ ಮುಖದಲ್ಲಿ ಹಲ್ಲಿತ್ತು.

"ನೋಟಿಸ್ ಬರೆಯಲಾ ಸಾರ್?" ಅಂದರು ವಕೀಲರು.

"ಬೇಡಮ್ಮ. ನಿಮ್ಮ ಫೀಸು ಎಷ್ಟು?"

"ನಾನು ಏನೂ ಮಾಡಲಿಲ್ಲವಲ್ಲ. ಎರಡೂ ಕಡೆ ವಾದ ನೀವೇ ಮಾಡಿದ್ರಿ. ಆ ಪತ್ರದ್ದು ಒಂದು ಪ್ರತಿ ಕೊಡಿ, ಸಾಕು. ನಾನೂ ಬಾಡಿಗೆ ಮನೇಲೇ ಇರೋದು" ಅಂದರು ವಕೀಲರು. "ಒಂದು ಮಾತು. ಅವಧಿ ಮುಗಿದ ಮೇಲೆ ಹೊಸ ಪತ್ರ ಮಾಡುವಾಗ ಬಾಡಿಗೆ ಏರಿಸೋ ಮಾತು ಆಡಿ. ಆಗ ಕೇಳೋ ಹಕ್ಕು ನಿಮಗಿದೆ, ಒಪ್ಪೋದು ಬಿಡೋದು ಇವರಿಗೆ ಬಿಟ್ಟಿದ್ದು. ಅಲ್ಲೀವರೆಗೆ ಸುಮ್ಮನಿರಿ."

ಹಿಂತಿರುಗಿಸಿದ್ದ ಬಾಡಿಗೆಯನ್ನು ಅಲ್ಲೇ ಕೂತು ಮತ್ತೆ ಕಳಿಸಿದೆವು. ಈ ಸಲ ಅದು ಮೇಲೆಯೇ ಉಳಿಯಿತು.

ಮರುದಿನ ಬೆಳಗ್ಗೆ ಬಾಗಿಲಲ್ಲಿ ಗೀಚುವ ಸದ್ದಾಯಿತು. ನೋಡಿದರೆ ಷರತ್ತುರಾಯರು ಒಂದು ಬಟ್ಟಲಲ್ಲಿ ಬಿಸಿನೀರು, ಕೈಯಲ್ಲಿ ಚಿಂದಿ ಬಟ್ಟೆ ಹಿಡಿದು ಆ ಚೀಟಿಯನ್ನು ನೆನೆಸಿ ನೆನೆಸಿ ಕೀಳುತ್ತಿದ್ದರು. ನನ್ನನ್ನು ಕಂಡು ಒಳಗೆ ಬಂದು, ಕುರ್ಚಿ ಎಳೆದುಕೊಂಡು ಕೂತು, ಜೇಬಿನಿಂದ ಹಣ ತೆಗೆದು ಮೇಜಿನ ಮೇಲಿಟ್ಟರು.

"ಹಲ್ಲಿನ ಮಜೂರಿ."

ಎಣಿಸಿದೆ. "ಹೆಚ್ಚಿದೆ ಸಾರ್."

"ಡಾಕ್ಟರು ಹೇಳಿದ್ರು. ಪುಡಿಯ ಬೆಲೆ ಮಧ್ಯೆ ಏರಿತಂತೆ. ನೀನು ನನಗೆ ಹೇಳಲೇ ಇಲ್ಲ." ಅವರು ನನ್ನ ಮುಖ ನೋಡದೆ, ಕಿಟಕಿಯ ಕಡೆ ನೋಡುತ್ತ ಹೇಳಿದರು. "ಕಾಲು ಭಾಗ ಹೆಚ್ಚು ಇಟ್ಟಿದ್ದೀನಿ."

ಆ ಹೆಚ್ಚಿನದನ್ನು ತೆಗೆದು ಅವರ ಕೈಗೇ ಕೊಟ್ಟೆ. "ದರ ಮೊದಲೇ ಮಾತಾಗಿದೆ. ಮಧ್ಯೆ ಏರಿಸೋ ಹಾಗಿಲ್ಲ."

ಅವರು ಆ ಹಣವನ್ನು ಒಮ್ಮೆ ಎಣಿಸಿ ಜೇಬಿಗೆ ಹಾಕಿಕೊಂಡರು. ಒಳಕೋಣೆಯ ಬಾಗಿಲಲ್ಲಿ ನಿಂತಿದ್ದ ನಮ್ಮ ಯಜಮಾನರು ಏನೋ ಒಳ್ಳೆಯ ಮಾತು ಹೇಳಲು ಹೊರಟರು. ನಾನು ಕಣ್ಣು ಬಿಟ್ಟೆ, ಸುಮ್ಮನಾದರು.

"ಅವಧಿ ಮುಗಿದ ಮೇಲೆ ನಾನು ಬಾಡಿಗೆ ಏರಿಸ್ತೀನಿ, ಈಗಲೇ ಹೇಳಿದ್ದೀನಿ" ಅಂದರು ಷರತ್ತುರಾಯರು.

"ಏರಿಸಿ ಸಾರ್. ಕೂತು ಮಾತಾಡೋಣ."

"ಹೊಸ ಪತ್ರ ಬರೆಯೋರು ಯಾರು?"

"ನೀವೇ ಬರೀರಿ. ನಿಮಗಿಂತ ಚೆನ್ನಾಗಿ ಯಾರು ಬರೀತಾರೆ?"

ಅವರ ಮುಖ ಅರಳಿತು, ಆಮೇಲೆ ಯೋಚನೆಯಲ್ಲಿ ಮುದುಡಿತು. ಬಟ್ಟಲು ಎತ್ತಿಕೊಂಡು ಎದ್ದರು. ಮೆಟ್ಟಿಲು ಹತ್ತುತ್ತ ಹತ್ತುತ್ತ ಅರ್ಧದಲ್ಲಿ ನಿಂತು, ಮೆಟ್ಟಿಲ ಕಂಬಿಯ ಮೇಲಿಂದ ಬಗ್ಗಿ ಕೇಳಿದರು.

"ಅಲ್ಲಮ್ಮ, ಯಾರ ಕಡೆಯಿಂದ ಬರೀಲಿ?"